ತಿಳಿ ಬೂದು ಅಕ್ಷರದ ಲೆಕ್ಕ

ಕರೆಂಟ್ ಬಿಲ್ ಕಟ್ಟುವ ಆ್ಯಪ್ ತೆರೆದುಕೊಂಡು ಸೋದರತ್ತೆ ಫೋನ್ ಮಾಡಿದ್ದರು. "ಕಟ್ಟೋಕೆ ಕಡೇ ದಿನ ಯಾವತ್ತು ಅಂತ ಎಲ್ಲಿ ಹಾಕಿದಾರೋ? ನನಗೇನೂ ಕಾಣಿಸ್ತಿಲ್ಲ ಕಣೋ." ಕನ್ನಡಕ ಹಾಕಿಕೊಂಡೇ ಹುಡುಕಿದ್ದರಂತೆ. ಸ್ಕ್ರೀನ್‌ಶಾಟ್ ಕಳಿಸಲು ಹೇಳಿದೆ. ದಿನಾಂಕ ಅಲ್ಲೇ ಇತ್ತು, ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ.

ತಪ್ಪು ಅತ್ತೆಯ ಕಣ್ಣಿನದೋ ಪರದೆಯದೋ ಎಂಬುದನ್ನು ಅಳೆದು ನೋಡಬಹುದು. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾರ್ಗಸೂಚಿಯಲ್ಲಿ ಅದಕ್ಕೊಂದು ಅಳತೆಗೋಲಿದೆ. ಅಕ್ಷರ ಮತ್ತು ಹಿನ್ನೆಲೆ ಎರಡರಲ್ಲಿ ಹೆಚ್ಚು ಬೆಳಗುವುದು ಇನ್ನೊಂದರ ಎಷ್ಟು ಪಟ್ಟು ಎಂದು ಅದು ಕೇಳುತ್ತದೆ. ಒಂದೇ ಬಣ್ಣವಾದರೆ 1, ಬಿಳಿಯ ಮೇಲೆ ಅಚ್ಚ ಕಪ್ಪಾದರೆ 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು.

ಈ 4.5 ಸುಮ್ಮನೆ ಹೊಳೆದ ಅಂಕಿಯಲ್ಲ. ಚೆನ್ನಾಗಿ ಕಾಣುವವರಿಗೆ 3 ಸಾಕೆಂಬುದು ಹಳೆಯ ಮಾನದಂಡ. ಕಣ್ಣಾಸ್ಪತ್ರೆಯಲ್ಲಿ 6/12 ಎಂದು ಬರೆಯುವಷ್ಟು ದೃಷ್ಟಿ ಇಳಿದವರಿಗೆ ಅದರ ಒಂದೂವರೆ ಪಟ್ಟು ಬೇಕು. ಎಂಬತ್ತರ ಆಸುಪಾಸಿನವರ ದೃಷ್ಟಿ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ನಮ್ಮ ಅತ್ತೆಯಂಥವರನ್ನು ಎದುರಿಗೆ ಕೂರಿಸಿಕೊಂಡೇ ಈ ಅಂಕಿಯನ್ನು ನಿಗದಿ ಮಾಡಿದಂತಿದೆ.

ಅಳೆಯಲು ಕೂತಾಗ ಮೊದಲು ಎಡವಿದವನು ನಾನೇ. ಬಣ್ಣ ಹೆಕ್ಕುವ ಸಾಧನದಿಂದ ದಿನಾಂಕದ ಒಂದು ಅಂಕಿಯ ಮೇಲೆ ಕ್ಲಿಕ್ ಮಾಡಿದರೆ `#C8C8C8` ಎಂದು ತೋರಿಸಿತು. ಬಿಳಿಯೊಂದಿಗೆ ಅದರ ಅನುಪಾತ ಬರೀ 1.67. ಇಷ್ಟು ಕೆಟ್ಟದ್ದಿರಲಾರದು ಎನ್ನಿಸಿ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿದೆ. ಅಂಕಿಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣದಿರಲೆಂದು ಫೋನು ಅಲ್ಲಿನ ಪಿಕ್ಸೆಲ್‌ಗಳಲ್ಲಿ ಅಕ್ಷರದ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ಬೆರೆಸಿರುತ್ತದೆ. ನಾನು ಹೆಕ್ಕಿದ್ದು ಅಂಥ ಬೆರಕೆಯ ಚುಕ್ಕೆಯನ್ನು. ಮಾರ್ಗಸೂಚಿ ಕೇಳುವುದು ಬೆರಕೆಗೆ ಮೊದಲಿನ ಬಣ್ಣವನ್ನು. ಹಾಗಾಗಿ ಅಗಲವಾದ ಗೆರೆಯೊಂದನ್ನು ಹುಡುಕಿ, ಅದರ ನಟ್ಟನಡುವೆ ಅಕ್ಕಪಕ್ಕದ ಮೂರ್ನಾಲ್ಕು ಪಿಕ್ಸೆಲ್‌ಗಳು ಒಂದೇ ಬಣ್ಣ ತೋರಿಸುವ ಕಡೆ ಹೆಕ್ಕಬೇಕು. ಹಾಗೆ ಮಾಡಿದಾಗ `#9E9E9E` ಸಿಕ್ಕಿತು.

ಇನ್ನೊಂದು ತೊಡಕೂ ಇತ್ತು. ಅತ್ತೆ ಚಾಟ್‌ನಲ್ಲಿ ಫೋಟೋ ಕಳಿಸುವ ಹಾಗೆ ಕಳಿಸಿದ್ದರು. ಹಾಗೆ ಬಂದ ಚಿತ್ರ ಕುಗ್ಗಿರುತ್ತದೆ, ಅಕ್ಷರದ ಸುತ್ತ ಇಲ್ಲದ ಬಣ್ಣಗಳು ಹುಟ್ಟಿಕೊಂಡಿರುತ್ತವೆ. ಬಿಳಿ ಹಿನ್ನೆಲೆಯಲ್ಲಿ ಒಂದೊಂದು ಕಡೆ ಒಂದೊಂದು ಬಿಳಿ ಬರುತ್ತಿದ್ದರೆ ಇದೇ ಕಾರಣವಿರಬಹುದು. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡು ಅಳೆದದ್ದು.

ಮುಂದಿನದು ಬರೀ ಭಾಗಾಕಾರ. ಪ್ರತಿ ಬಣ್ಣದ ಬೆಳಕಿನ ಪ್ರಮಾಣವನ್ನು ಕಪ್ಪಿಗೆ 0, ಬಿಳಿಗೆ 1 ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ಈ ಬೂದು ಬಣ್ಣದ್ದು 0.342.

```
(1 + 0.05) / (0.342 + 0.05) = 2.68
```

ಎರಡೂ ಕಡೆ ಸೇರಿಸಿದ 0.05, ಪರದೆಯ ಮೇಲೆ ಬಿದ್ದು ಮರಳುವ ಕೋಣೆಯ ಬೆಳಕಿನ ಲೆಕ್ಕ. 4.5 ಬೇಕಾದಲ್ಲಿ 2.68. ತಪ್ಪು ಅತ್ತೆಯ ಕಣ್ಣಿನದಲ್ಲ.

ಅದೇ ಪರದೆಯ ಕೆಳಗೆ `#FF9800` ಕಿತ್ತಳೆ ಬಣ್ಣದ ಗುಂಡಿಯ ಮೇಲೆ 'ಪಾವತಿಸಿ' ಎಂದು ಬಿಳಿಯಲ್ಲಿತ್ತು. ಕಣ್ಣಿಗೆ ಹೊಡೆಯುವ ಬಣ್ಣವಾದ್ದರಿಂದ ಅಕ್ಷರವೂ ಚೆನ್ನಾಗಿಯೇ ಕಾಣುತ್ತದೆ ಎಂದು ಭಾವಿಸಿದ್ದೆ. ಅಳೆದರೆ 2.16, ಬೂದು ದಿನಾಂಕಕ್ಕಿಂತಲೂ ಕಡಿಮೆ! ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ತೋರುವುದರಿಂದ ಸೂತ್ರವೂ ಅದಕ್ಕೆ ಸುಮಾರು ಶೇ 72ರಷ್ಟು ತೂಕ ಕೊಡುತ್ತದೆ, ಕೆಂಪಿಗೆ ಶೇ 21. ಕಿತ್ತಳೆಯಲ್ಲಿ ಹಸಿರಿನ ಪಾಲು ಸಾಕಷ್ಟಿರುವುದರಿಂದ ಅದು ನಾವು ಅಂದುಕೊಂಡಷ್ಟು ಗಾಢವಲ್ಲ. ಅದೇ ಗುಂಡಿಯ ಮೇಲೆ ಕಪ್ಪಿನಲ್ಲಿ ಬರೆದಿದ್ದರೆ 9.7 ಆಗುತ್ತಿತ್ತು.

ಸ್ಕ್ರೀನ್‌ಶಾಟ್ ಎಲ್ಲವನ್ನೂ ಹೇಳುವುದಿಲ್ಲ. ಅಕ್ಷರದ ನಿಜವಾದ ಗಾತ್ರ ಅದರಿಂದ ನೇರವಾಗಿ ಸಿಗದು. ಒಂದು ಫೋನಿನಲ್ಲಿ 24 ಪಿಕ್ಸೆಲ್ ಎಂದು ಬರೆದದ್ದು ಚಿತ್ರದಲ್ಲಿ 72 ಆಗಿ ಬರಬಹುದು. ಆದ್ದರಿಂದ 3 ಸಾಕೋ 4.5 ಬೇಕೋ ಎಂಬ ಅನುಮಾನ ಬಂದರೆ ನಾನು 4.5ನ್ನೇ ಹಿಡಿಯುತ್ತೇನೆ. ಡಾರ್ಕ್ ಮೋಡ್‌ನಲ್ಲಿ ಬಣ್ಣಗಳು ಬೇರೆ, ಅದಕ್ಕೆ ಬೇರೆ ಚಿತ್ರವೇ ಬೇಕು. ಕನ್ನಡದ ಒತ್ತಕ್ಷರಗಳದಂತೂ ಇನ್ನೊಂದು ಪಾಡು. ಗೆರೆ ತೀರಾ ತೆಳುವಾದಾಗ ಪಿಕ್ಸೆಲ್‌ಗಳೆಲ್ಲ ಬೆರಕೆಯಾಗಿ, ಲೆಕ್ಕದಲ್ಲಿ ಪಾಸಾದ ಬಣ್ಣವೂ ಓದುವವರಿಗೆ ಮಸುಕಾಗಿಯೇ ಕಾಣುತ್ತದೆ. ಅಲ್ಲಿ 4.5ಕ್ಕೆ ತೃಪ್ತಿಪಡಬಾರದು ಎಂಬುದು ನನ್ನ ಅಭಿಪ್ರಾಯ.

ಆ್ಯಪ್‌ನವರಿಗೆ ಪತ್ರ ಬರೆಯುವಾಗ 'ಸರಿಯಾಗಿ ಕಾಣುವುದಿಲ್ಲ' ಎಂದಷ್ಟೇ ಬರೆಯಲಿಲ್ಲ. ಹಿಗ್ಗಿಸಿದ ಚಿತ್ರದಲ್ಲಿ ನಾನು ಹೆಕ್ಕಿದ ಪಿಕ್ಸೆಲ್‌ಗೆ ಸುತ್ತು ಹಾಕಿ, ದಿನಾಂಕದ ಬಣ್ಣ `#9E9E9E`, ಅನುಪಾತ 2.68, ಅದನ್ನು `#757575` ಮಾಡಿದರೆ 4.61 ಆಗುತ್ತದೆ ಎಂದು ಬರೆದೆ. ಅದೂ ಬೂದು ಬಣ್ಣವೇ, ಕೊಂಚ ಗಾಢ ಅಷ್ಟೇ.