ಶೇವ್ ಆದ್ಮೇಲೆ ಕುತ್ತಿಗೆ ತುಂಬಾ ಗುಳ್ಳೆನಾ? ರೇಜರ್ ಬದಲಿಸಿ ನೋಡಿ

ಚಿಕ್ಕಬಳ್ಳಾಪುರ: ನಂದಿ ಕಡೆಯ ಹೋಟೆಲ್, ಸೆಕ್ಯುರಿಟಿ ಕೆಲಸಕ್ಕೆ ದಿನಾ ಶೇವ್ ಮಾಡಿಕೊಂಡು ಹೋಗುವ ಹುಡುಗರಲ್ಲಿ ಗುಂಗುರು ಗಡ್ಡದವರಿಗೆ ಕುತ್ತಿಗೆ ಮೇಲೆ ಗುಳ್ಳೆ ಏಳೋದು ಜಾಸ್ತಿ. ಗುಳ್ಳೆಯೊಳಗೆ ಸುರುಳಿ ಕೂದಲು ಕಂಡರೆ ಅದು ಮೊಡವೆಯಲ್ಲ, ಚರ್ಮದೊಳಗೆ ತಿರುಗಿ ಬೆಳೆದ ಕೂದಲು.

ಮೂರು, ಐದು ಬ್ಲೇಡಿನ ಕಾರ್ಟ್ರಿಡ್ಜ್ ರೇಜರ್ ಕೂದಲನ್ನು ಎಳೆದು ಕತ್ತರಿಸುತ್ತೆ. ಚೂಪಾದ ತುದಿ ಚರ್ಮದ ಕೆಳಗೆ ಜಾರಿ ಅಲ್ಲೇ ಚುಚ್ಚುತ್ತೆ. ಒಂದೇ ಬ್ಲೇಡಿನ ಸೇಫ್ಟಿ ರೇಜರ್‌ನಲ್ಲಿ ಈ ಎಳೆತ ಕಮ್ಮಿ. ಆದರೆ ಒತ್ತಬಾರದು, ಚರ್ಮ ಬಿಗಿಯಾಗಿ ಎಳೆದು ಹಿಡಿಯಬಾರದು, ಕೂದಲು ಬೆಳೆದ ದಿಕ್ಕಿಗೇ ಶೇವ್ ಮಾಡಬೇಕು.

ಈಗಾಗಲೇ ಗುಳ್ಳೆ ಇದ್ದರೆ ಟ್ರಿಮ್ಮರೇ ವಾಸಿ. 1 ಮಿ.ಮೀ. ಕೂದಲು ಉಳಿಸಿದರೆ ತುದಿ ಒಳಗೆ ಜಾರಲ್ಲ. ಮುಖ ಪೂರ್ತಿ ನುಣ್ಣಗಾಗಲ್ಲ, ಅಷ್ಟೇ. ಕೀವು ತುಂಬಿದರೆ ಚರ್ಮದ ಡಾಕ್ಟರಿಗೆ ತೋರಿಸಿ.