‘ತಪ್ಪಾಯಿತು’ ಎಂದರೆ ಸಾಲದು

ನಮ್ಮ ಭಾಷೆಯಲ್ಲಿ ಕ್ಷಮೆ ಕೇಳುವ ಅತ್ಯಂತ ಸುಲಭವಾದ ಮಾತು ‘ತಪ್ಪಾಯಿತು’. ಅದರಲ್ಲಿ ಮಾಡಿದವರು ಯಾರೆಂಬುದಿಲ್ಲ, ಮಾಡಿದ್ದೇನೆಂಬುದೂ ಇಲ್ಲ. ಮಳೆ ಬಂದಂತೆ ತಪ್ಪೂ ತಾನಾಗಿ ಆಗಿಹೋಯಿತು ಎಂಬ ಧ್ವನಿ ಅದಕ್ಕಿದೆ. ದಾರಿಯಲ್ಲಿ ಕಾಲು ತಗುಲಿದಾಗ ಆ ಮಾತು ಸಾಕು. ಗಂಡನೋ ಹೆಂಡತಿಯೋ ತಿಂಗಳುಗಟ್ಟಲೆ ಹೇಳಿದ ಸುಳ್ಳು ಬಯಲಾದಾಗ ಸಾಲದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಶಿರಿಯದ ಒಂದು ಮನೆ. ಗಂಡ ಹೆಂಡತಿಗೆ ತಿಳಿಸದೆ ಅವಳ ಮೂರು ಪವನಿನ ಬಳೆಗಳನ್ನು ಫೆಬ್ರವರಿಯಲ್ಲಿ ಅಡವಿಟ್ಟು 90,000 ರೂಪಾಯಿ ತಂದಿದ್ದಾನೆ. ವಿಷುವಿಗೆ ಅವಳು ಬಳೆ ಕೇಳಿದಾಗ ‘ಲಾಕರಿನಲ್ಲಿದೆ’ ಎಂದಿದ್ದಾನೆ. ಓಣಂ ರಜೆಯಲ್ಲಿ ತವರಿಗೆ ಹೊರಟಾಗಲೂ ಅದೇ ಉತ್ತರ. ಡಿಸೆಂಬರಿನಲ್ಲಿ ತಂಗಿಯ ಮದುವೆಗೆಂದು ಲಾಕರು ತೆರೆದಾಗ ಬಳೆಗಳಿಲ್ಲ.

ಇಲ್ಲಿ ಗಾಯ ಎರಡು. ಅಡವಿಟ್ಟದ್ದು ಒಂದು, ‘ಲಾಕರಿನಲ್ಲಿದೆ’ ಎಂದದ್ದು ಇನ್ನೊಂದು. ಮೊದಲನೆಯದು ಹಣದ ಮಾತು, ಬಿಡಿಸಿ ತಂದರೆ ತೀರುತ್ತದೆ. ಎರಡನೆಯದರಿಂದ ಅವಳು ತನ್ನ ನೆನಪುಗಳನ್ನೇ ಸಂಶಯಿಸತೊಡಗುತ್ತಾಳೆ: ಅಂದು ಹೇಳಿದ್ದೂ ಸುಳ್ಳೇ? ಬಳೆ ಮರಳಿದ ಮೇಲೂ ಅನೇಕ ಮನೆಗಳಲ್ಲಿ ಮುನಿಸು ತಣಿಯದಿರುವುದಕ್ಕೆ ಕಾರಣ ಇದೇ.

ಆದ್ದರಿಂದ ಕ್ಷಮೆಯ ಮಾತು ಎರಡನ್ನೂ ಹೆಸರಿಸಬೇಕು. ‘ಫೆಬ್ರವರಿಯಲ್ಲಿ ನಿನ್ನ ಬಳೆಗಳನ್ನು ನಿನ್ನನ್ನು ಕೇಳದೆ ಅಡವಿಟ್ಟೆ. ವಿಷುವಿಗೂ ಓಣಂಗೂ ನೀನು ಕೇಳಿದಾಗ ಲಾಕರಿನಲ್ಲಿದೆ ಎಂದೆ. ಎರಡು ಸಲವೂ ಸುಳ್ಳೆಂದು ತಿಳಿದೇ ಹೇಳಿದೆ.’ ಇಲ್ಲಿ ‘ಆಯಿತು’ ಇಲ್ಲ, ‘ಅಡವಿಟ್ಟೆ’, ‘ಹೇಳಿದೆ’ ಎಂಬ ಕ್ರಿಯಾಪದಗಳಿವೆ. ‘ನಿನಗೆ ಬೇಸರವಾಗಿದ್ದರೆ’ ಎಂಬ ‘ರೆ’ಕಾರವೂ ಇಲ್ಲ. ಬೇಸರವಾಗಿದೆ ಎಂಬುದು ಇಬ್ಬರಿಗೂ ಗೊತ್ತು.

ಅಮೆರಿಕದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕ್ಷಮಾಯಾಚನೆಯ ಆರು ಅಂಗಗಳನ್ನು 755 ಮಂದಿಯ ಮುಂದಿಟ್ಟು ತೂಗಿ ನೋಡಿದರು. ಹೊಣೆ ಒಪ್ಪಿಕೊಳ್ಳುವುದಕ್ಕೆ ಹೆಚ್ಚಿನ ಬೆಲೆ ಬಂತು, ಅದರ ನಂತರ ಹಾನಿ ಸರಿಪಡಿಸುವ ಮಾತಿಗೆ. ಕಡಿಮೆ ಬೆಲೆ ಬಂದದ್ದು ‘ನನ್ನನ್ನು ಕ್ಷಮಿಸು’ ಎಂಬ ಬೇಡಿಕೆಗೆ. ಅದು ಕೆಲಸದ ಸನ್ನಿವೇಶಗಳನ್ನು ಕುರಿತ ಅಧ್ಯಯನ, ದಾಂಪತ್ಯದ್ದಲ್ಲ. ಆದರೂ ಮನೆಯ ಅನುಭವಕ್ಕೆ ಅದು ದೂರವಲ್ಲ. ‘ಕ್ಷಮಿಸಿದೆಯಾ?’ ಎಂದು ಮರುದಿನವೇ ಕೇಳುವುದು ನೊಂದವರ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ.

ಅತಿ ದೊಡ್ಡ ಅಪಾಯ ಅರ್ಧ ಒಪ್ಪಿಗೆ. ತಾಳಮದ್ದಳೆ ಕೇಳಿದವರಿಗೆ ಅಶ್ವತ್ಥಾಮನ ವಿಷಯದಲ್ಲಿ ಧರ್ಮರಾಯನಾಡಿದ ಅರ್ಧಸತ್ಯದ ಪರಿಣಾಮ ಗೊತ್ತು. ಬಳೆಯನ್ನು ಒಪ್ಪಿಕೊಂಡು, ಗೆಳೆಯನಿಂದ ತಂದ ಕೈಸಾಲವನ್ನು ಮುಚ್ಚಿಟ್ಟರೆ, ಅದು ತಿಳಿದ ದಿನ ಮೊದಲಿನ ಕ್ಷಮೆಯೂ ಸುಳ್ಳಿನ ಪಟ್ಟಿಗೆ ಸೇರುತ್ತದೆ. ಬಾಯಿ ತೆರೆಯುವ ಮೊದಲು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಒಳಿತು. ಕಾರಣ ಹೇಳಬಹುದು, ಆದರೆ ಅವಳು ಕೇಳಿದಾಗ. ‘ಮನೆಗಾಗಿಯೇ ಮಾಡಿದೆ’ ಎಂದು ಮೊದಲೇ ಹೇಳಿದರೆ ಅದು ಸಮರ್ಥನೆ.

ಮುಂದಿನದು ಲೆಕ್ಕ. ಅಡವಿನ ಚೀಟಿಯನ್ನು ಅವಳ ಕೈಗೆ ಕೊಡಬೇಕು. ವರ್ಷಕ್ಕೆ ಶೇಕಡಾ 9ರ ಬಡ್ಡಿ ಎಂದಿಟ್ಟುಕೊಂಡರೆ ಮೊದಲ ತಿಂಗಳಿಗೆ 675 ರೂಪಾಯಿ. ಅಸಲಿಗೆ ತಿಂಗಳಿಗೆ 7,500ರಂತೆ ಕಟ್ಟಿದರೆ ಹನ್ನೆರಡು ತಿಂಗಳಲ್ಲಿ ಸಾಲ ತೀರುತ್ತದೆ. ಪ್ರತಿ ತಿಂಗಳ ರಶೀದಿಯನ್ನು ಅವಳು ಕೇಳುವ ಮೊದಲೇ ತೋರಿಸಬೇಕು. ಒಂದು ತಿಂಗಳು ತಪ್ಪಿದರೆ ಅದನ್ನೂ ಅಂದೇ ಹೇಳಬೇಕು. ಆ ಹನ್ನೆರಡು ತಿಂಗಳಲ್ಲಿ ಅವಳು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿಯಾಳು. ಹತ್ತು ಸಲವೂ ಅದೇ ಉತ್ತರ ಬಂದರೆ ನಂಬಿಕೆ ಬೇರು ಬಿಡುತ್ತಿದೆ ಎನ್ನಬಹುದು. ‘ಎಷ್ಟು ಸಲ ಕೇಳುತ್ತೀ?’ ಎಂದು ಸಿಡುಕಿದರೆ ಅದು ಮತ್ತೆ ಕಮರುತ್ತದೆ.

ಇದಕ್ಕೊಂದು ಮಿತಿಯೂ ಇದೆ. ವಧುವಿನ 89 ಪವನು ಚಿನ್ನವನ್ನು ಕಳೆದುಕೊಂಡ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2024ರ ಏಪ್ರಿಲಿನಲ್ಲಿ ಅವಳಿಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಸ್ತ್ರೀಧನ ಹೆಂಡತಿಯದೇ ಸೊತ್ತು. ಕಷ್ಟಕಾಲದಲ್ಲಿ ಗಂಡ ಬಳಸಿದರೂ ಅದನ್ನು ಮರಳಿಸುವ ಹೊಣೆ ಅವನದು ಎಂಬುದು ಆ ತೀರ್ಪಿನ ಸಾರ. ಕ್ಷಮೆ ಕೇಳಿದ ಮಾತ್ರಕ್ಕೆ ಆ ಹಕ್ಕು ಮಾಯವಾಗುವುದಿಲ್ಲ. ಕ್ಷಮಿಸಲೇಬೇಕೆಂಬ ಕಟ್ಟುಪಾಡೂ ಅವಳಿಗಿಲ್ಲ. ಸುಳ್ಳು ಮರುಕಳಿಸುತ್ತಿದ್ದರೆ, ಅಥವಾ ಪ್ರಶ್ನೆ ಕೇಳುವುದಕ್ಕೇ ಅವಳು ಹೆದರುವಂತಿದ್ದರೆ, ಎಷ್ಟೇ ಸ್ಪಷ್ಟವಾದ ಮಾತೂ ಅಲ್ಲಿ ನಿಷ್ಪ್ರಯೋಜಕ.