ಒಂದೇ ಟೈ, ನಲವತ್ತು ಕೊರಳು!

ಮಂಗಳೂರು: ಜೂನ್ ಬಂತೆಂದರೆ ಹಂಪನಕಟ್ಟೆಯ ಬಸ್ಸುಗಳಲ್ಲಿ ಒದ್ದೆ ಕೊಡೆ, ಒದ್ದೆ ಬ್ಯಾಗು, ಒದ್ದೆ ಮಕ್ಕಳು. ಅದೇ ಹೊತ್ತಿಗೆ ಶಾಲೆಯಿಂದ ಹುಕುಂ: ಗುರುತಿನ ಚೀಟಿಗೆ ಫೋಟೊ ಆಗಬೇಕು! ಹೊಸ ಅಂಗಿ ಇನ್ನೂ ಟೈಲರನ ಕೈಯಲ್ಲೇ ಉಂಟು. ಒಬ್ಬ ಅಣ್ಣನ ಮಾಸಿದ ಟೈ ಕಟ್ಟಿ ಬಂದಿದ್ದಾನೆ. ಇನ್ನೊಬ್ಬನಿಗೆ ಟೈಯೇ ಇಲ್ಲ. ಮೂರನೆಯವಳ ಎದೆಯಲ್ಲಿ ಅಕ್ಕನ ಕೆಂಪು ಬ್ಯಾಜು. ಇವಳಿರುವುದು ಹಸಿರು ತಂಡದಲ್ಲಿ.

ಹಿಂದೆ ಸ್ಟುಡಿಯೊದ ಕನ್ನಡಿ ಪಕ್ಕ ಒಂದು ಕೋಟು, ಒಂದು ಟೈ ನೇತಾಡುತ್ತಿದ್ದವು. ಬಂದವರೆಲ್ಲ ಅದನ್ನೇ ಹಾಕಿಕೊಂಡು ಕೂರುವುದು. ಈಗಲೂ ಟೈ ಒಂದೇ, ಆದರೆ ಅದು ನೇತಾಡುವುದು ಕಂಪ್ಯೂಟರಿನೊಳಗೆ.

ಒಂದು ತರಗತಿಯಲ್ಲಿ 40 ಮಕ್ಕಳು ಅಂತಿಟ್ಟುಕೊಳ್ಳಿ. ಕೆಲಸ ಬಲ್ಲವನು ಮೊದಲು ಕಾಲರಿಗೆ ಕೈ ಹಾಕುವುದಿಲ್ಲ. ನಲವತ್ತು ಮುಖವನ್ನೂ ಒಂದೇ ಅಳತೆಗೆ ತಂದು, ಕಣ್ಣುಗಳು ಒಂದೇ ಎತ್ತರಕ್ಕೆ ಬರುವಂತೆ ಕೂರಿಸುತ್ತಾನೆ. ಆಮೇಲೆ ಇಸ್ತ್ರಿ ಸರಿಯಿದ್ದ, ಟೈಯ ಗಂಟು ನೆಟ್ಟಗಿದ್ದ ಒಂದು ಮಗುವನ್ನು ಆರಿಸಿ, ಅದರ ಕಾಲರು, ಟೈ, ಭುಜದವರೆಗಿನ ಅಂಗಿ ಇಷ್ಟನ್ನೂ ಫೋಟೊಶಾಪಿನಲ್ಲಿ ಗೆರೆ ಹಿಡಿದು ಕತ್ತರಿಸಿ ಬೇರೆ ಇಟ್ಟುಕೊಳ್ಳುತ್ತಾನೆ. ಸಪೂರ ಕೊರಳಿಗೊಂದು, ದಪ್ಪ ಕೊರಳಿಗೊಂದು, ಹೀಗೆ ಎರಡು ಮೂರು ಅಚ್ಚು ಇದ್ದರೆ ಒಳ್ಳೆಯದು. ಪ್ರತಿ ಫೋಟೊದ ಮೇಲೆ ಅದನ್ನಿಟ್ಟು Ctrl+T ಒತ್ತಿ ಹಿಗ್ಗಿಸಿ ಕುಗ್ಗಿಸಿ, ಭುಜದ ಇಳಿಜಾರಿಗೆ ತಕ್ಕಂತೆ ಬಗ್ಗಿಸಿದರೆ ಅಂಗಿ ತೊಡಿಸಿದಂತಾಯಿತು.

ಆಯಿತೇ? ಎಲ್ಲಿ ಆಯಿತು ಮಾರಾಯ್ರೆ!

ಜಡೆಗೆ ಕತ್ತರಿ

ಬರೇ ಕಾಲರು ಮಾತ್ರ ಅಂಟಿಸಿದರೆ ಹಳೇ ಕಾಲರು ಹಿಂದಿನಿಂದ ಇಣುಕುತ್ತದೆ. ಒಂದು ಕೊರಳಿಗೆ ಎರಡು ಕಾಲರು. ಅದಕ್ಕೇ ಭುಜದವರೆಗೆ ಅಂಗಿ ಬೇಕೆಂದದ್ದು. ಗಲ್ಲದ ಕೆಳಗೆ ನೆರಳಿಲ್ಲದಿದ್ದರೆ ತಲೆಯನ್ನು ತಂದು ಅಂಗಿಯ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಆ ನೆರಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ತುಸುವೇ ಬಳಿಯಬೇಕು, ಅದೂ ಮುಖದ ನೆರಳು ಯಾವ ಬದಿಗಿದೆಯೋ ಅದೇ ಬದಿಗೆ. ಬೆಳಕು ಹೊಂದುವುದಿಲ್ಲವೆಂದು ಅಂಗಿಯನ್ನೇ ಎಡಬಲ ತಿರುಗಿಸುವ ಅವಸರದವರೂ ಇದ್ದಾರೆ. ಆಗ ಬ್ಯಾಜು ಬಲ ಎದೆಗೆ ಹಾರುತ್ತದೆ, ಅದರ ಮೇಲಿನ ಅಕ್ಷರ ಕನ್ನಡಿಯಲ್ಲಿ ಓದಿದಂತಾಗುತ್ತದೆ.

ಹೆಚ್ಚು ಕಷ್ಟ ಹೆಣ್ಣುಮಕ್ಕಳದ್ದು. ಎರಡು ಜಡೆ ಹೆಗಲ ಮೇಲಿಂದ ಮುಂದೆ ಬಂದಿರುತ್ತದೆ. ಹೊಸ ಅಂಗಿ ಅದರ ಮೇಲೆ ಬಿದ್ದರೆ ಜಡೆ ಹೆಗಲಿಗೇ ತುಂಡು, ರಿಬ್ಬನ್ ಮಾಯ. ಜಡೆಯಿರುವ ಜಾಗದಲ್ಲಿ ಅಂಗಿಯನ್ನು ಅಳಿಸದೆ ಮಾಸ್ಕ್ ಹಾಕಿ ಮರೆಮಾಡಬೇಕು, ಕೂದಲ ಅಂಚಿಗೆ ಅಂಚು ಹಿಡಿದು. ಗಂಡುಮಗುವಿನ ಫೋಟೊ ಎರಡು ಮೂರು ನಿಮಿಷಕ್ಕೆ ಮುಗಿದರೆ ಇದು ಸುಲಭಕ್ಕೆ ಮುಗಿಯುವುದಿಲ್ಲ. ಚಿತ್ರ ತೆಗೆಯುವ ಮೊದಲೇ "ಜಡೆ ಹಿಂದೆ ಹಾಕು ಮಗಾ" ಅಂದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಇನ್ನು ಬ್ಯಾಜಿನ ಬಣ್ಣ. ಕೆಂಪು, ಹಸಿರು, ನೀಲಿ, ಹಳದಿ ಎಂದು ನಾಲ್ಕು ತಂಡ. Hue/Saturation ಕಡ್ಡಿ ಎಳೆದರೆ ಬಣ್ಣ ಬದಲಾಗುತ್ತದೆ, ನಿಜ. ಕೆಂಪನ್ನು ಹಸಿರು ಮಾಡಲಿಕ್ಕೆ ಸಾಕು. ಆದರೆ ಕಡು ನೀಲಿಯನ್ನು ಹಳದಿಗೆ ತಿರುಗಿಸಿ ನೋಡಿ, ಅರಸಿನದ ಬದಲು ಬೇಯಿಸಿದ ಕೆಸುವಿನ ಸೊಪ್ಪಿನ ಬಣ್ಣ ಬರುತ್ತದೆ! ಕಡ್ಡಿ ಬಣ್ಣವನ್ನು ತಿರುಗಿಸುತ್ತದೆಯೇ ಹೊರತು ಕತ್ತಲೆಯನ್ನು ಕಳೆಯುವುದಿಲ್ಲ. ಕಪ್ಪು ಟೈಗಂತೂ ತಿರುಗಿಸಲು ಬಣ್ಣವೇ ಇಲ್ಲ. ಅದಕ್ಕೆ ಜಾಣರು ಶಾಲೆಯಿಂದ ನಾಲ್ಕು ನಿಜವಾದ ಬ್ಯಾಜು ಕೇಳಿ ತಂದು, ಒಂದೇ ಅಂಗಿಗೆ ಒಂದೊಂದಾಗಿ ಚುಚ್ಚಿ, ಒಂದೇ ಬೆಳಕಿನಲ್ಲಿ ನಾಲ್ಕು ಚಿತ್ರ ತೆಗೆದಿಟ್ಟುಕೊಳ್ಳುತ್ತಾರೆ. ಮತ್ತೆ ಬಣ್ಣದ ಗೊಡವೆಯಿಲ್ಲ.

ಯಾರಿಗೆ ಯಾವ ಬ್ಯಾಜು ಎಂಬ ಪಟ್ಟಿ ಮಾತ್ರ ಟೀಚರ ಕೈಯಿಂದಲೇ ಬರಬೇಕು. ಫೋಟೊದಲ್ಲಿದ್ದ ಬ್ಯಾಜನ್ನೇ ನಂಬಿದರೆ ಅಕ್ಕನ ಬ್ಯಾಜಿನವಳು ವರ್ಷವಿಡೀ ಚೀಟಿಯಲ್ಲಿ ಕೆಂಪು, ಆಟದ ಮೈದಾನದಲ್ಲಿ ಹಸಿರು. ಫೈಲಿನ ಹೆಸರಾಗಿ ಹಾಜರಿ ಸಂಖ್ಯೆ ಇರದಿದ್ದರೆ ಇನ್ನೂ ಫಜೀತಿ: ಅಂಗಿ ಎಲ್ಲ ಒಂದೇ ಆದ ಮೇಲೆ ಮುಖ ಬಿಟ್ಟು ಬೇರೆ ಗುರುತೇ ಉಳಿಯುವುದಿಲ್ಲ, 17ನೆಯವನ ಮುಖಕ್ಕೆ 18ನೆಯವನ ಹೆಸರು ಕೂತರೂ ಗೊತ್ತಾಗದು.

ಕೊನೆಗೆ ನಲವತ್ತನ್ನೂ ಒಂದೇ ಹಾಳೆಯಲ್ಲಿ ಹಾಕಿ ನೋಡಿದಾಗ ಬಣ್ಣ ಬಯಲಾಗುತ್ತದೆ. ಟೈಯ ಅದೇ ಮಡಿಕೆ, ಕಾಲರಿನ ಅದೇ ಒಂದು ನೂಲು ಎಲ್ಲರ ಕೊರಳಲ್ಲೂ! ಚೀಟಿಯಲ್ಲಿ ಒಂಟಿಯಾಗಿದ್ದರೆ ಅದು ಯಾರ ಕಣ್ಣಿಗೂ ಬೀಳದು. ಟೈ ಇಲ್ಲದೆ ಬಂದವನೂ ಆ ಹಾಳೆಯಲ್ಲಿ ಉಳಿದವರ ಹಾಗೇ ಕೂತಿರುತ್ತಾನೆ. ಅವನ ಮನೆಯ ಕಷ್ಟ ಕೊರಳಿಗೆ ನೇತಾಡುವುದಿಲ್ಲ.

ಆದರೆ ಈ ಫೋಟೊವನ್ನೇ ಜೋಪಾನ ಮಾಡಿ ಪಾಸ್‌ಪೋರ್ಟಿಗೆ ಕೊಡಲು ಹೋಗಬೇಡಿ. ಕಂಪ್ಯೂಟರಿನಲ್ಲಿ ತಿದ್ದಿದ್ದು ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಮಗು ತೊಟ್ಟ ಅಂಗಿಯಲ್ಲೇ ಇನ್ನೊಮ್ಮೆ ಕ್ಯಾಮರಾದ ಎದುರು ಕೂರಬೇಕು.